ಉಡುಪಿಯಲ್ಲಿ ಬಾಡಿಗೆ ಮನೆ: ಟೋಕನ್ ಹಣ ಕಳಿಸುವ ಮೊದಲು ನಕ್ಷೆಯಲ್ಲಿ ಏನೇನು ನೋಡಬೇಕು?

ಸುಮಾ_ಹುಬ್ಬಳ್ಳಿ · ಏಪ್ರಿಲ್ 18, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರಿಗೆ ಉಡುಪಿಗೆ ವರ್ಗ ಆಗಿದೆ. ಜೂನ್ ಒಂದಕ್ಕೆ ಹಾಜರಾಗಬೇಕು. ಅತ್ತೆಯವರಿಗೆ ಮೊಣಕಾಲು ನೋವು, ಮೆಟ್ಟಿಲು ಹತ್ತೋದು ಕಷ್ಟ, ಹಾಗಾಗಿ ನೆಲಮಹಡಿಯೇ ಬೇಕು. ಆನ್‌ಲೈನಿನಲ್ಲಿ ಒಂದು ಮನೆ ಸಿಕ್ಕಿದೆ: ಎರಡು ಬೆಡ್‌ರೂಮು, ಬಾಡಿಗೆ 14 ಸಾವಿರ, "ಕಲ್ಸಂಕದಿಂದ ಹತ್ತು ನಿಮಿಷದ ನಡಿಗೆ, ಹಿಂದುಗಡೆ ಹಸಿರು ಬಯಲು, ಶಾಂತ ವಾತಾವರಣ" ಅಂತ ಬರೆದಿದ್ದಾರೆ. ಎಂಟು ಫೋಟೊ ಹಾಕಿದ್ದಾರೆ. ಈ ವಾರದೊಳಗೆ ಹತ್ತು ಸಾವಿರ ಟೋಕನ್ ಕಳಿಸಿದರೆ ಮನೆ ಹಿಡಿದಿಡ್ತೀನಿ ಅಂತಾರೆ ಮಾಲೀಕರು. ಮಕ್ಕಳ ರಜೆ, ಸಾಮಾನು ಕಟ್ಟೋದು ಎಲ್ಲ ಸೇರಿ ಮೇ ಕೊನೆಯವರೆಗೂ ನಾವು ಅಲ್ಲಿಗೆ ಬರೋ ಹಾಗಿಲ್ಲ.

ಫೋನಿನ ಮ್ಯಾಪಿನಲ್ಲಿ ಉಪಗ್ರಹ ಚಿತ್ರ ಹಾಕಿ ನೋಡಿದೆ. ಮನೆ ಸುತ್ತ ನಿಜವಾಗಿಯೂ ಹಸಿರು ಇದೆ. ನಮ್ಮ ಬಿಸಿಲೂರಿನವರಿಗೆ ಅದೇ ಕಣ್ಣಿಗೆ ಹಬ್ಬ. ಆದರೂ ಕೂತಲ್ಲಿಂದಲೇ ಇನ್ನೇನು ನೋಡಬಹುದು, ತಿಳಿದವರು ಹೇಳಿ.

ಕಾರ್ಕಳ_ಟೆಕ್ಕಿ · ಏಪ್ರಿಲ್ 18, ರಾತ್ರಿ 10:05

ಅಕ್ಕಾ, ಇದು ಬಹಳ ಸುಲಭ. ಕಂಪ್ಯೂಟರಿನಲ್ಲಿ ಗೂಗಲ್ ಅರ್ತ್ ಪ್ರೊ ಹಾಕಿಕೊಳ್ಳಿ, ಉಚಿತ. ಮನೆ ಮೇಲೆ ಕರ್ಸರ್ ಇಟ್ಟರೆ ಕೆಳಗೆ ಸಮುದ್ರಮಟ್ಟದಿಂದ ಎಷ್ಟು ಎತ್ತರ ಅಂತ ಬರ್ತದೆ. ಆ ಕಡೆಯಲ್ಲೆಲ್ಲ ಹತ್ತು ಮೀಟರ್ ಆಸುಪಾಸು ತೋರಿಸ್ತದೆ. ಹತ್ತು ಮೀಟರ್ ಅಂದ್ರೆ ಮೂರು ಮಹಡಿಯಷ್ಟು ಎತ್ತರ, ಸಮುದ್ರವೂ ದೂರ. ಮತ್ತೆ ಭಯ ಎಂತಕ್ಕೆ? ಕಳಿಸಿ ಟೋಕನ್.

ಪುತ್ತೂರು_ಭಟ್ರು · ಏಪ್ರಿಲ್ 18, ರಾತ್ರಿ 10:31

ಆತುರ ಬೇಡ. ಮೊದಲು ಋಣಭಾರ ಪತ್ರ ತೆಗೆಸಿ. ಪಹಣಿ ನೋಡಿ, ಕನ್ವರ್ಷನ್ ಆಗಿದೆಯಾ ಕೇಳಿ. ಪಂಚಾಯತ್ ವ್ಯಾಪ್ತಿಯಾದರೆ ನಮೂನೆ 9, 11 ಇದೆಯಾ ಅಂತಲೂ ನೋಡಬೇಕು. ಇದಿಲ್ಲದೆ ಒಂದು ರೂಪಾಯಿಯೂ ಕೊಡಬೇಡಿ.

ಸುಮಾ_ಹುಬ್ಬಳ್ಳಿ · ಏಪ್ರಿಲ್ 18, ರಾತ್ರಿ 10:44

ಭಟ್ರೇ, ಕೊಳ್ಳೋದಲ್ಲ, ಬಾಡಿಗೆಗೆ.

ಪುತ್ತೂರು_ಭಟ್ರು · ಏಪ್ರಿಲ್ 18, ರಾತ್ರಿ 10:50

ಓ, ಸರಿ. ಆದರೂ ಪಹಣಿ ನೋಡಿದರೆ ನಷ್ಟವಿಲ್ಲ. ಹಿಂದೆ ಅಲ್ಲಿ ಗದ್ದೆ ಇತ್ತಾ, ಗುಡ್ಡೆ ಇತ್ತಾ ಅಂತಲಾದರೂ ತಿಳಿಯುತ್ತದೆ.

ಬೈಲಕರೆ · ಏಪ್ರಿಲ್ 19, ಬೆಳಿಗ್ಗೆ 6:20

ಭಟ್ರು ಕೊನೆಗೆ ಹೇಳಿದ ಮಾತೇ ಇಲ್ಲಿ ಮುಖ್ಯ. ಸುಮಾ ಅವರೇ, ನಾನು ಹದಿನೈದು ವರ್ಷದಿಂದ ನಕ್ಷೆಯ ಕೆಲಸದಲ್ಲಿ ಇದ್ದೇನೆ, ಊರು ಉಡುಪಿಯೇ. "ಕಲ್ಸಂಕ" ಅಂದರೆ ಕಲ್ಲಿನ ಸಂಕ, ಅಂದರೆ ಸೇತುವೆ. ಇಂದ್ರಾಣಿ ತೋಡು ಹರಿಯುವ ಜಾಗ ಅದು. ಪಕ್ಕದಲ್ಲೇ ಗುಂಡಿಬೈಲು. ಹೆಸರಿನಲ್ಲಿ ಬೈಲು ಇದ್ದರೆ ನಮ್ಮಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ಹಾಗೆಂದು ಆ ಕಡೆಯ ಎಲ್ಲ ಮನೆಗೂ ನೀರು ನುಗ್ಗುವುದಿಲ್ಲ. ಐವತ್ತು ಹೆಜ್ಜೆಯಲ್ಲಿ ಎಲ್ಲ ಬದಲಾಗ್ತದೆ.

ಅದಕ್ಕೇ ಮೊದಲ ಪ್ರಶ್ನೆ: ನೀವು ನೋಡಿದ್ದು ಅದೇ ಮನೆಯನ್ನಾ? ಜಾಹೀರಾತಿನ ಪಿನ್ ನಂಬಬೇಡಿ. ಎಷ್ಟೋ ಸಲ ಅದನ್ನು ಬಡಾವಣೆಯ ನಡುವಿಗೋ ಹತ್ತಿರದ ಸರ್ಕಲ್ಲಿಗೋ ಚುಚ್ಚಿರ್ತಾರೆ. ಎಂಟು ಫೋಟೊಗಳಲ್ಲಿ ಹೊರಗಡೆ ತೆಗೆದದ್ದನ್ನು ಆರಿಸಿ. ಮೇಲಿಂದ ಗುರುತು ಸಿಗುವ ವಸ್ತು ಯಾವುದು ನೋಡಿ: ತಾರಸಿಯ ಮೇಲಿನ ಶೀಟಿನ ಬಣ್ಣ, ನೀರಿನ ಟ್ಯಾಂಕು ಎಷ್ಟು, ಯಾವ ಮೂಲೆಯಲ್ಲಿ, ಪಕ್ಕದ ಮನೆ ಹೆಂಚಿನದ್ದಾ, ಹತ್ತಿರ ಮೊಬೈಲ್ ಟವರ್ ಉಂಟಾ. ಒಂದು ಹೊಂದಿದರೆ ಸಾಲದು, ಮೂರಾದರೂ ಒಟ್ಟಿಗೆ ಹೊಂದಬೇಕು. ನೀಲಿ ಶೀಟು ನಮ್ಮ ಕರಾವಳಿಯಲ್ಲಿ ಊರಿಡೀ ಉಂಟು. ಮನೆ ಸಿಕ್ಕಿದ ಮೇಲೆ ಇಲ್ಲಿ ಹೇಳಿ. ಆದರೆ ನಿಖರವಾದ ಪಿನ್ ಇಲ್ಲಿ ಹಾಕಬೇಡಿ, ಅದು ಇನ್ನೊಬ್ಬರ ಮನೆ.

ಸುಮಾ_ಹುಬ್ಬಳ್ಳಿ · ಏಪ್ರಿಲ್ 19, ಮಧ್ಯಾಹ್ನ 3:15

ಎರಡು ತಾಸು ಹುಡುಕಿದೆ, ಸಿಕ್ಕಿತು. ಪಿನ್ ಇದ್ದ ಜಾಗದಿಂದ ಸುಮಾರು 300 ಮೀಟರ್ ಪಶ್ಚಿಮಕ್ಕಿದೆ ಮನೆ. ಅಡುಗೆಮನೆ ಕಿಟಕಿಯ ಫೋಟೊದಲ್ಲಿ ಪಕ್ಕದ ಹೆಂಚಿನ ಮನೆ ಕಾಣ್ತಿತ್ತು. ಬಾಲ್ಕನಿ ಫೋಟೊದಲ್ಲಿ ಟವರ್. ಗೇಟಿನ ಫೋಟೊದಲ್ಲಿ ಮಹಡಿ ಮೇಲೆ ಎರಡು ಕಪ್ಪು ಟ್ಯಾಂಕು, ಒಂದು ಬಿಳಿ. ಮೂರೂ ಹೊಂದಿಕೆಯಾದವು. ಪಿನ್ ಇದ್ದ ಕಡೆ ಮನೆಗಳು ಒತ್ತಾಗಿದ್ದವು, ಇಲ್ಲಿ ಮೂರು ಕಡೆ ಹಸಿರು. ಇದು ಇನ್ನೂ ಚೆನ್ನಾಗಿದೆ ಅನ್ನಿಸ್ತು. ನಾನು ತಪ್ಪಾ?

ಬೈಲಕರೆ · ಏಪ್ರಿಲ್ 19, ಸಂಜೆ 7:02

ಹುಡುಕಿದ ರೀತಿ ಸರಿ ಉಂಟು. ಈಗ ಆ ಹಸಿರಿನ ವಿಷಯ. ಗೂಗಲ್ ಅರ್ತ್ ಪ್ರೊದಲ್ಲಿ ಕೆಳಗಡೆ Imagery Date ಅಂತ ದಿನಾಂಕ ಇರ್ತದೆ. ನೀವು ನೋಡ್ತಿರುವ ಚಿತ್ರ ಯಾವ ತಿಂಗಳಿನದು?

ಸುಮಾ_ಹುಬ್ಬಳ್ಳಿ · ಏಪ್ರಿಲ್ 19, ಸಂಜೆ 7:30

ಮಾರ್ಚ್. ಮೊದಲ ವಾರ.

ಬೈಲಕರೆ · ಏಪ್ರಿಲ್ 19, ರಾತ್ರಿ 8:48

ಹಾಗಾದರೆ ಸ್ವಲ್ಪ ಉದ್ದ ಬರೆಯಬೇಕಾಗ್ತದೆ, ಕ್ಷಮಿಸಿ.

ನಮ್ಮ ಹಿರಿಯರು ಗದ್ದೆಯನ್ನು ಮೂರು ತರ ಮಾಡಿದ್ದರು. ಎತ್ತರದ್ದು ಬೆಟ್ಟು, ನಡುವಿನದು ಮಜಲು, ತಗ್ಗಿನದು ಬೈಲು. ಬೆಟ್ಟುಗದ್ದೆಯಲ್ಲಿ ಮಳೆಗಾಲದ ಏಣೆಲು ಬೆಳೆ ಒಂದೇ. ಮಜಲಿನಲ್ಲಿ ಏಣೆಲು ಆದ ಮೇಲೆ ಸುಗ್ಗಿಯೂ ಆಗ್ತದೆ. ಬೈಲಿನಲ್ಲಿ ಮಾತ್ರ ಬೇಸಿಗೆಯಲ್ಲೂ ನೀರು ನಿಲ್ಲುವ ಕಾರಣ ಕೊಳಕೆ ಎಂಬ ಮೂರನೆಯ ಬೆಳೆ ತೆಗೀತಿದ್ದರು. ಈಗ ಕೊಳಕೆ ಮಾಡುವವರು ಕಡಿಮೆ. ಆದರೆ ಮಣ್ಣಿನ ಗುಣ ಹೋಗಲಿಲ್ಲ. ಪಾಳು ಬಿಟ್ಟ ಬೈಲಿನಲ್ಲಿ ಮಾರ್ಚಿನಲ್ಲೂ ಹುಲ್ಲು, ಕೆಸವು ಹಸಿರಾಗಿ ನಿಂತಿರ್ತದೆ. ಅದೇ ದಿನ ಬೆಟ್ಟುಗದ್ದೆ ಒಣಗಿ ಕಂದು ಆಗಿರ್ತದೆ.

ಹಾಗಾಗಿ ಮಾರ್ಚಿನ ಚಿತ್ರದಲ್ಲಿ ಮರದ ತಲೆಗಳಿಲ್ಲದೆ ಚಪ್ಪಟೆಯಾಗಿ ಹಸಿರು ಕಂಡರೆ ಅಲ್ಲಿ ನೆಲದಡಿ ನೀರು ಉಂಟು ಅಂತ ನಾನು ಓದುತ್ತೇನೆ. ತೆಂಗು, ಅಡಿಕೆ ತೋಟದ ಹಸಿರು ಬೇರೆ. ಅದಕ್ಕೆ ನೀರು ಬಿಡ್ತಾರೆ, ಮೇಲಿಂದ ನಕ್ಷತ್ರ ನಕ್ಷತ್ರದ ಹಾಗೆ ಕಾಣ್ತದೆ.

ಈಗ View ಮೆನುವಿನಲ್ಲಿ Historical Imagery ಒತ್ತಿ. ಮೇಲೆ ಒಂದು ಪಟ್ಟಿ ಬರ್ತದೆ, ಅದನ್ನು ಹಿಂದೆ ಎಳೆಯುತ್ತಾ ಹೋಗಿ. 2003-04ಕ್ಕಿಂತ ಹಿಂದಿನವು ಸಾಮಾನ್ಯವಾಗಿ ಮಸುಕು, ಅವನ್ನು ಬಿಡಿ. ಮನೆ ಕಟ್ಟುವ ಮೊದಲು ಆ ಜಾಗ ಹೇಗಿತ್ತು, ಅದನ್ನು ಮಾತ್ರ ನೋಡಿ. ಒಂದು ವಿಷಯ ನೆನಪಿಡಿ: ಮಳೆಗಾಲದ ಸ್ಪಷ್ಟ ಚಿತ್ರ ನಿಮಗೆ ಸಿಗುವುದು ಬಹಳ ಅಪರೂಪ. ಜೂನಿನಿಂದ ಸೆಪ್ಟೆಂಬರ್ ತನಕ ಕರಾವಳಿ ಮೋಡದಡಿ ಇರ್ತದೆ. ನೀರು ತುಂಬಿದ ಚಿತ್ರ ಹುಡುಕಬೇಡಿ, ನೀರು ಹರಿದ ಗುರುತು ಹುಡುಕಿ.

ಮಲ್ಪೆ_ಕಡಲು · ಏಪ್ರಿಲ್ 19, ರಾತ್ರಿ 9:36

ಇದು ನನ್ನ ಅಣ್ಣನ ಕಥೆ, ಸ್ವಲ್ಪ ಬೇರೆ ವಿಷಯ, ಆದರೆ ತಿಂಗಳು ನೋಡಬೇಕು ಎಂಬ ಮಾತಿಗೆ ಹೇಳ್ತೇನೆ. ಅಣ್ಣ ಮುಂಬಯಿಯಲ್ಲಿ ಇರೋದು. ಜುಲೈಯಲ್ಲಿ ಬಂದಾಗ ಕಡಲ ಬದಿ ಒಂದು ಮನೆ ನೋಡಿ ಹೋಗಿದ್ದ. ಗಾಳಿ, ನೋಟ, ಎಲ್ಲ ಚಂದ. ಡಿಸೆಂಬರಿನಲ್ಲಿ ಒಂದು ತಿಂಗಳಿಗೆ ಬಾಡಿಗೆಗೆ ಹಿಡಿದ. ಬಂದು ನೋಡಿದರೆ ಮನೆಯ ಹಿಂದಿನ ಮರಳಿನಲ್ಲಿ ಮೀನು ಒಣಗಿಸುವ ಅಂಗಳ. ಜೂನ್, ಜುಲೈಯಲ್ಲಿ ಯಾಂತ್ರಿಕ ಬೋಟುಗಳಿಗೆ 61 ದಿನ ರಜೆ ಅಲ್ವಾ, ಮಳೆಯೂ ಉಂಟು, ಆಗ ಅಲ್ಲಿ ಏನೂ ಇರ್ಲಿಲ್ಲ. ಅತ್ತಿಗೆಗೆ ವಾಸನೆಗೆ ತಲೆನೋವು, ಹತ್ತೇ ದಿನಕ್ಕೆ ಬಿಟ್ಟರು. ಆಮೇಲೆ ಹಳೆಯ ಚಿತ್ರ ತೆಗೆದು ನೋಡಿದೆ. ಡಿಸೆಂಬರ್, ಜನವರಿ, ಫೆಬ್ರವರಿ ಯಾವುದನ್ನು ತೆಗೆದರೂ ಮರಳಿನ ಮೇಲೆ ಸಾಲಾಗಿ ಮಾಸಲು ಚೌಕಗಳು ಕಾಣ್ತವೆ. ಮೊದಲೇ ನೋಡಿದ್ದರೆ ಗೊತ್ತಾಗ್ತಿತ್ತು. ಅದು ಅವರ ಅನ್ನದ ಜಾಗ, ಅವರ ತಪ್ಪಲ್ಲ. ನಾವು ಕೇಳಬೇಕಿತ್ತು.

ಕಾರ್ಕಳ_ಟೆಕ್ಕಿ · ಏಪ್ರಿಲ್ 19, ರಾತ್ರಿ 10:10

ಬೈಲಕರೆ ಸರ್, ಗದ್ದೆಯ ವಿಷಯ ಒಪ್ಪಿದೆ. ಆದರೆ ಎತ್ತರ ಸಂಖ್ಯೆಯಲ್ಲೇ ಬರುವಾಗ ಹಸಿರು, ಕಂದು ಅಂತ ಊಹೆ ಮಾಡುವುದು ಎಂತಕ್ಕೆ? ನಾನು ಆ ಕಡೆ ಗೆರೆ ಎಳೆದು Show Elevation Profile ಹಾಕಿ ನೋಡಿದೆ. ರಸ್ತೆಗಿಂತ ಗದ್ದೆಯೇ ಎರಡು ಮೀಟರ್ ಎತ್ತರ ಬಂತು.

ಬೈಲಕರೆ · ಏಪ್ರಿಲ್ 20, ಬೆಳಿಗ್ಗೆ 6:05

ಒಳ್ಳೆಯದಾಯ್ತು ನೀವೇ ಪರೀಕ್ಷೆ ಮಾಡಿದ್ದು. ರಸ್ತೆಗಿಂತ ಬೈಲು ಎತ್ತರ ಇರಲಿಕ್ಕೆ ಸಾಧ್ಯವಾ, ಯೋಚಿಸಿ. ಇಂಥ ಎತ್ತರದ ಲೆಕ್ಕ ನಮ್ಮ ಕಡೆ ಹೆಚ್ಚಾಗಿ ಬರುವುದು ಆಕಾಶದಿಂದ ರಾಡಾರ್ ಹಾಯಿಸಿ ಅಳೆದದ್ದರಿಂದ. ಅದರಲ್ಲಿ ಒಂದೊಂದು ಚೌಕ ಸುಮಾರು 30 ಮೀಟರ್ ಅಗಲ, ಅಂದರೆ ಮನೆ, ಅಂಗಳ, ಪಕ್ಕದ ಗದ್ದೆ ಎಲ್ಲ ಸೇರಿ ಒಂದೇ ಸಂಖ್ಯೆ. ರಾಡಾರ್ ತೆಂಗಿನ ತೋಟದ ಮೇಲೆ ಬಿದ್ದರೆ ನೆಲ ಮುಟ್ಟುವ ಮೊದಲೇ ಹೆಡೆಗೆ ತಾಗಿ ವಾಪಸ್ ಬರ್ತದೆ. ತೋಟದ ಬದಿಯ ಗದ್ದೆ ನಿಮಗೆ ಎತ್ತರ ಕಂಡದ್ದು ಅದಕ್ಕೇ ಇರಬೇಕು. ಮಣಿಪಾಲದ ಗುಡ್ಡೆ ಎತ್ತರ, ಕಲ್ಸಂಕ ತಗ್ಗು ಅಂತ ತಿಳಿಯಲಿಕ್ಕೆ ಆ ಸಂಖ್ಯೆ ಸಾಕು. ಮನೆಯೊಳಗೆ ನೀರು ಬರುವುದು ಒಂದೂವರೆ ಅಡಿಯ ಪ್ರಶ್ನೆ, ಅದಕ್ಕೆ ಸಾಲದು.

ಮತ್ತೆ, ಸಮುದ್ರಮಟ್ಟದಿಂದ ಹತ್ತು ಮೀಟರ್ ಮೇಲಿದ್ದರೂ ತೋಡಿನ ಮಟ್ಟದಿಂದ ಅರ್ಧ ಮೀಟರ್ ಮಾತ್ರ ಮೇಲಿದ್ದರೆ ಪ್ರಯೋಜನ ಇಲ್ಲ. ಅಲ್ಲಿ ಬರುವುದು ಸಮುದ್ರದ ನೀರಲ್ಲ, ಮೇಲಿನ ಗುಡ್ಡೆಗಳಿಂದ ಇಳಿಯುವ ಮಳೆನೀರು.

ಸುಮಾ_ಹುಬ್ಬಳ್ಳಿ · ಏಪ್ರಿಲ್ 20, ಮಧ್ಯಾಹ್ನ 1:50

ಹಳೆಯ ಚಿತ್ರ ಎಲ್ಲ ನೋಡಿದೆ, ಬರೆದುಕೊಂಡೂ ಇದ್ದೀನಿ. ಹೇಳ್ತೀನಿ, ತಪ್ಪಿದ್ದರೆ ತಿದ್ದಿ.

2010ರ ಚಿತ್ರದಲ್ಲಿ ಮನೆ ಇಲ್ಲ. ಆ ಜಾಗದಲ್ಲಿ ಸಣ್ಣ ಸಣ್ಣ ಗದ್ದೆಯ ಮಡಿಗಳು, ನಡುವೆ ಬಳುಕುತ್ತ ಹೋಗುವ ಒಂದು ಕಪ್ಪು ಗೆರೆ. ಗೆರೆಯ ಎರಡೂ ಬದಿ ತೆಂಗಿನ ಸಾಲು. 2014ರಲ್ಲೂ ಹಾಗೇ. 2016ರ ಜನವರಿಯಲ್ಲಿ ಮಡಿಗಳ ಒಂದು ಭಾಗ ಪೂರ್ತಿ ಕೆಂಪು, ಅಂಚು ಗೀಟು ಹಾಕಿದಷ್ಟು ನೇರ. 2018ರಲ್ಲಿ ಅದೇ ಕೆಂಪಿನ ಮೇಲೆ ಈ ಮನೆ ಮತ್ತೆ ಇನ್ನೆರಡು ಮನೆ. ಕಪ್ಪು ಗೆರೆ ಉತ್ತರದಿಂದ ಬಂದು ಕಂಪೌಂಡಿನ ಹತ್ತಿರ ನಿಂತುಬಿಡುತ್ತೆ. ದಕ್ಷಿಣದಲ್ಲಿ ಒಂದು ನೂರು ಮೀಟರ್ ಆಚೆ ಮತ್ತೆ ಶುರುವಾಗುತ್ತೆ. ನಡುವೆ ಏನಾಯಿತು ಗೊತ್ತಾಗ್ತಿಲ್ಲ.

ಬೈಲಕರೆ · ಏಪ್ರಿಲ್ 20, ಸಂಜೆ 6:40

ನಿಮ್ಮ ಕಣ್ಣು ಚುರುಕು ಉಂಟು. ಕೆಂಪು ಅಂದರೆ ಗುಡ್ಡೆ ತೆಗೆದ ಮುರಮಣ್ಣು ತಂದು ಬೈಲು ತುಂಬಿಸಿದ್ದು. ಕಪ್ಪು ಗೆರೆ ತೋಡು. ನಡುವಿನ ನೂರು ಮೀಟರಿನಲ್ಲಿ ತೋಡನ್ನು ಒಂದೋ ಪೈಪಿಗೆ ಹಾಕಿದ್ದಾರೆ, ಅಥವಾ ಕಂಪೌಂಡಿನ ಬದಿಗೆ ತಿರುಗಿಸಿ ಸಪೂರ ಚರಂಡಿ ಮಾಡಿದ್ದಾರೆ. ಚರಂಡಿ ಎರಡಡಿ ಅಗಲ ಇದ್ದರೆ, ಮೇಲೆ ಹಲಸಿನದೋ ಮಾವಿನದೋ ಮರದ ನೆರಳು ಬಿದ್ದರೆ, ಚಿತ್ರದಲ್ಲಿ ಕಾಣುವುದಿಲ್ಲ. ಇಲ್ಲಿಗೆ ಆಕಾಶದ ಚಿತ್ರದ ಕೆಲಸ ಮುಗಿಯಿತು. ಇನ್ನು ರಸ್ತೆಗೆ ಇಳಿಯಬೇಕು. ಮ್ಯಾಪಿನ ಮೂಲೆಯ ಹಳದಿ ಗೊಂಬೆಯನ್ನು ಹಿಡಿದು ಎತ್ತಿ, ಎಲ್ಲೆಲ್ಲಿ ನೀಲಿ ಗೆರೆ ಬರ್ತದೆ ನೋಡಿ.

ಸುಮಾ_ಹುಬ್ಬಳ್ಳಿ · ಏಪ್ರಿಲ್ 20, ರಾತ್ರಿ 8:25

ಮನೆ ಮುಂದಿನ ಓಣಿಗೆ ನೀಲಿ ಇಲ್ಲ. ಓಣಿ ಸೇರುವ ರಸ್ತೆಗೆ ಇದೆ. ಮೂಲೆಯಲ್ಲಿ ನಿಂತು ಒಳಗೆ ತಿರುಗಿಸಿದರೆ ಮೂರನೆಯ ಮನೆಯಾಗಿ ಇದು ಕಾಣುತ್ತೆ. See more dates ಒತ್ತಿದರೆ ಎರಡು ದಿನಾಂಕ ಬಂತು, ಎರಡೂ ಈಚಿನವೇ, ಹಳೇ ಕಾಲದ್ದು ಇಲ್ಲ. ಎಲ್ಲ ಮನೆಗಳ ಕಂಪೌಂಡ್ ಗೋಡೆಯ ಕೆಳಭಾಗ ಕಪ್ಪಾಗಿದೆ. ಅದನ್ನ ನೋಡಿ ಎದೆ ಧಸಕ್ಕೆಂದಿತು. ನೀರು ಅಷ್ಟೆತ್ತರ ಬಂದಿತ್ತಾ?

ಬೈಲಕರೆ · ಏಪ್ರಿಲ್ 20, ರಾತ್ರಿ 9:10

ಗಾಬರಿ ಬೇಡ. ನಮ್ಮ ಮಳೆಗೆ ಗುಡ್ಡೆಯ ತುದಿಯಲ್ಲಿರುವ ಗೋಡೆಯೂ ಕಪ್ಪಾಗ್ತದೆ, ಅದು ಪಾಚಿ ಒಣಗಿದ್ದು. ನೀರು ನಿಂತ ಗುರುತು ಬೇರೆ ತರ. ನಾಲ್ಕೈದು ಗೋಡೆಗಳ ಮೇಲೆ ಒಂದೇ ಮಟ್ಟದಲ್ಲಿ ಅಡ್ಡಗೆರೆ ಇರ್ತದೆ, ಅದರ ಕೆಳಗೆ ಮಣ್ಣಿನ ಬಣ್ಣ. ರಸ್ತೆ ಇಳಿಜಾರಾದರೂ ಆ ಗೆರೆ ಮಟ್ಟವಾಗಿಯೇ ಇರ್ತದೆ.

ಅದಕ್ಕಿಂತ ಜನ ಏನು ಮಾಡಿಕೊಂಡಿದ್ದಾರೆ ನೋಡಿ. ಗೇಟಿನಿಂದ ಜಗಲಿಗೆ ಎಷ್ಟು ಮೆಟ್ಟಿಲು? ಗೇಟಿನ ಅಡಿಯಲ್ಲಿ ಸಿಮೆಂಟಿನ ದಿಂಡು ಕಟ್ಟಿದ್ದಾರಾ? ಬಾವಿಯ ಪಂಪು ನೆಲದ ಮೇಲಾ, ಎತ್ತರದ ಕಟ್ಟೆಯ ಮೇಲಾ? ಆ ಹಳೆಯ ಹೆಂಚಿನ ಮನೆಯ ಪಂಚಾಂಗ ಎಷ್ಟು ಎತ್ತರ ಅಂತ ವಿಶೇಷವಾಗಿ ನೋಡಿ. ಅದನ್ನು ಕಟ್ಟಿದವರಿಗೆ ತೋಡು ಗೊತ್ತಿತ್ತು.

ಸುಮಾ_ಹುಬ್ಬಳ್ಳಿ · ಏಪ್ರಿಲ್ 20, ರಾತ್ರಿ 9:55

ಅಡ್ಡಗೆರೆ ನನಗೆ ಕಾಣಲಿಲ್ಲ. ಹೆಂಚಿನ ಮನೆಗೆ ಐದು ಮೆಟ್ಟಿಲು. ನಮ್ಮ ಮನೆಗೆ ಒಂದೇ. ಅತ್ತೆಯವರಿಗೆ ಅನುಕೂಲ ಅಂತ ನಾನು ಆ ಒಂದು ಮೆಟ್ಟಿಲನ್ನೇ ಮೆಚ್ಚಿದ್ದೆ.

ಕೊಟ್ಟಾರ_ಮನೆ · ಏಪ್ರಿಲ್ 21, ಬೆಳಿಗ್ಗೆ 10:15

ಬೈಲಕರೆಯವರು ಹೇಳಿದ್ದು ಸರಿ, ಆದರೆ ಇದನ್ನೇ ನಂಬಿ ಕೂರಬೇಡಿ ಅಂತ ಹೇಳ್ಲಿಕ್ಕೆ ಬಂದೆ. ನಾನು ಮಂಗಳೂರಿನಲ್ಲಿ ಕೊಟ್ಟಾರ ಚೌಕಿ ಹತ್ತಿರ ಬಾಡಿಗೆಗೆ ಇದ್ದೆ. ಹಳೇ ಮನೆ, ಎಷ್ಟು ಹಿಂದೆ ಹೋದರೂ ಚಿತ್ರದಲ್ಲಿ ಅದು ಮನೆಯೇ. ಗದ್ದೆ ತುಂಬಿಸಿದ ಗುರುತು ಇಲ್ಲ, ಕೆಂಪು ಮಣ್ಣು ಇಲ್ಲ. 2018ರ ಮೇ 29ರಂದು ಮಧ್ಯಾಹ್ನದೊಳಗೆ ಮೊಣಕಾಲಿನ ತನಕ ನೀರು. ಫ್ರಿಜ್ಜು ಹೋಯಿತು, ಮಗಳ ಪುಸ್ತಕ ಎಲ್ಲ ಹೋಯಿತು. ನಮ್ಮ ಮನೆ ಏನೂ ಬದಲಾಗಿರ್ಲಿಲ್ಲ. ಎದುರಿನ ರಸ್ತೆಗೆ ಪದರದ ಮೇಲೆ ಪದರ ಹಾಕಿ ಎತ್ತರ ಮಾಡಿದ್ದರು, ಮನೆ ಅಲ್ಲಿಯೇ ಉಳಿದಿತ್ತು. ಅದನ್ನು ಯಾವ ಉಪಗ್ರಹ ತೋರಿಸ್ತದೆ?

ಬೈಲಕರೆ · ಏಪ್ರಿಲ್ 21, ಮಧ್ಯಾಹ್ನ 12:30

ತೋರಿಸುವುದಿಲ್ಲ ಅಕ್ಕ. ನೀವು ಹೇಳಿದ್ದು ನಿಜ. ರಸ್ತೆಬದಿಯ ಚಿತ್ರದಲ್ಲಿ ಗೇಟು ರಸ್ತೆಗಿಂತ ಕೆಳಗಿದ್ದರೆ, ಅಂಗಳಕ್ಕೆ ಇಳಿಜಾರು ಹಾಕಿದ್ದರೆ ಒಂದು ಸೂಚನೆ ಸಿಗಬಹುದು. ಆದರೆ ಕೆಳಗಿನ ಮೋರಿಯಲ್ಲಿ ಕಸ ಕಟ್ಟಿಕೊಂಡದ್ದು, ಇನ್ನೆಲ್ಲೋ ಚರಂಡಿ ಸಪೂರ ಆದದ್ದು ಇದರಲ್ಲಿ ಬರುವುದಿಲ್ಲ. ಹಳೆಯ ಚಿತ್ರದಲ್ಲಿ ತೋಡು ಕಂಡರೆ ಎಚ್ಚರ ವಹಿಸಬಹುದು. ಕಾಣದಿದ್ದರೆ ನಿಶ್ಚಿಂತೆ ಅಂತ ಅರ್ಥ ಅಲ್ಲ.

ಕಾರ್ಕಳ_ಟೆಕ್ಕಿ · ಏಪ್ರಿಲ್ 21, ಮಧ್ಯಾಹ್ನ 1:05

ಮೋಡದ ಮೂಲಕ ನೋಡುವ ಉಪಗ್ರಹವೂ ಉಂಟಲ್ಲ, ಯೂರೋಪಿನ ಸೆಂಟಿನೆಲ್-1? ಅದರ ಚಿತ್ರ ಎಲ್ಲರಿಗೂ ಉಚಿತ. 2020ರ ಸೆಪ್ಟೆಂಬರ್ 20ರ ಉಡುಪಿ ನೆರೆಯ ದಿನದ್ದು ತೆಗೆದರೆ ಆಗಲಿಲ್ವಾ?

ಬೈಲಕರೆ · ಏಪ್ರಿಲ್ 21, ಮಧ್ಯಾಹ್ನ 1:40

ಒಳ್ಳೆಯ ಯೋಚನೆ. ಆದರೆ ಅದು ದಿನವೂ ಇಲ್ಲಿ ಹಾದುಹೋಗುವುದಿಲ್ಲ, ಒಂದೇ ಜಾಗಕ್ಕೆ ಅದೇ ಉಪಗ್ರಹ ಅದೇ ದಾರಿಯಲ್ಲಿ ಮರಳಲು 12 ದಿನ. ಪೇಟೆಯ ನೀರು ಗಂಟೆಗಳಲ್ಲಿ ಏರಿ ಇಳೀತದೆ. ಮನೆಗಳ ನಡುವೆ, ತೆಂಗಿನ ಅಡಿಯಲ್ಲಿ ನಿಂತ ನೀರನ್ನು ಗುರುತಿಸುವುದೂ ಕಷ್ಟ. ದೊಡ್ಡ ಹೊಳೆಬದಿಯ ಗದ್ದೆಗಳಿಗಾದರೆ ನಾನೂ ಅದನ್ನೇ ನೋಡ್ತೇನೆ.

ಆದರೆ ನೀವು ಹೇಳಿದ ದಿನಾಂಕ ಬೇರೆ ರೀತಿಯಲ್ಲಿ ಉಪಯೋಗಕ್ಕೆ ಬರ್ತದೆ. ಸುಮಾ ಅವರೇ, ಮಾಲೀಕರಿಗೆ ಫೋನ್ ಮಾಡಿ "ಮಳೆಗಾಲದಲ್ಲಿ ನೀರು ಬರುತ್ತಾ" ಅಂತ ಕೇಳಬೇಡಿ. ಇಲ್ಲ ಅಂತಲೇ ಉತ್ತರ ಬರ್ತದೆ. "2020ರ ಸೆಪ್ಟೆಂಬರ್ ನೆರೆಯ ದಿನ ನೀರು ಎಲ್ಲಿಯ ತನಕ ಬಂದಿತ್ತು" ಅಂತ ಕೇಳಿ. ಮನೆ 2018ರಲ್ಲೇ ಇತ್ತು ಅಂತ ನಿಮಗೆ ಚಿತ್ರದಿಂದ ಗೊತ್ತುಂಟು.

ಸುಮಾ_ಹುಬ್ಬಳ್ಳಿ · ಏಪ್ರಿಲ್ 22, ಸಂಜೆ 5:20

ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಅಂಗಳದ ತನಕ ಬಂದಿತ್ತು, ಒಳಗೆ ಬರಲಿಲ್ಲ. ಆ ದಿನ ಉಡುಪಿ ಇಡೀ ನೀರಲ್ಲಿತ್ತು. ಆಮೇಲೆ ಹಿಂದುಗಡೆ ಚರಂಡಿ ಅಗಲ ಮಾಡಿದ್ದೇವೆ" ಅಂದರು. ಅವರು ಕೆಟ್ಟವರಲ್ಲ ಅನ್ನಿಸ್ತು, ಮುಚ್ಚಿಡಲಿಲ್ಲ. ಚರಂಡಿ ಮಾಡಿದ್ದನ್ನ ಚಿತ್ರದಲ್ಲಿ ನೋಡಬಹುದಾ?

ಮಲ್ಪೆ_ಕಡಲು · ಏಪ್ರಿಲ್ 22, ಸಂಜೆ 6:00

ಚಿತ್ರ ಎಂತಕ್ಕೆ? ಭಾನುವಾರ ನಾನು ಆ ದಾರಿಯಲ್ಲೇ ಉಡುಪಿಗೆ ಹೋಗುವುದು. ಜಾಗ ನನಗೆ ಮೆಸೇಜ್ ಮಾಡಿ, ಹೊರಗಿಂದಲೇ ನೋಡಿ ಬರ್ತೇನೆ.

ಮಲ್ಪೆ_ಕಡಲು · ಏಪ್ರಿಲ್ 26, ಮಧ್ಯಾಹ್ನ 12:45

ಹೋಗಿ ಬಂದೆ. ಚರಂಡಿ ಹೊಸತು, ಕಲ್ಲು ಕಟ್ಟಿ ಚಂದ ಮಾಡಿದ್ದಾರೆ, ಮೂರಡಿ ಅಗಲ ಉಂಟು. ಆದರೆ ಓಣಿಯ ಅಡಿಯಲ್ಲಿ ದಾಟುವಲ್ಲಿ ಹಳೆಯ ಪೈಪು ಒಂದೇ, ನನ್ನ ಕೈಚಾಚಿನ ಅರ್ಧದಷ್ಟೂ ಇಲ್ಲ, ಬಾಯಿಗೆ ಪ್ಲಾಸ್ಟಿಕ್ ಸಿಕ್ಕಿಕೊಂಡಿದೆ. ಹೆಂಚಿನ ಮನೆಯ ಅಜ್ಜಿ ಜಗಲಿಯಲ್ಲಿ ಕೂತಿದ್ದರು. ಕೇಳಿದೆ. ಅವರ ಮೂರನೇ ಮೆಟ್ಟಿಲು ತೋರಿಸಿದರು.

ಕಾರ್ಕಳ_ಟೆಕ್ಕಿ · ಏಪ್ರಿಲ್ 26, ಮಧ್ಯಾಹ್ನ 1:10

ಮೂರನೇ ಮೆಟ್ಟಿಲು ಅಂದರೆ ಒಂದೇ ಮೆಟ್ಟಿಲಿನ ಮನೆಯ ಒಳಗೆ ಬಂದಿರಲೇಬೇಕಲ್ಲ?

ಬೈಲಕರೆ · ಏಪ್ರಿಲ್ 26, ಮಧ್ಯಾಹ್ನ 2:00

ಹಾಗೆ ಹೇಳಲಿಕ್ಕೆ ಬರುವುದಿಲ್ಲ. ಹೆಂಚಿನ ಮನೆ ಹಳೆಯ ಬೈಲಿನ ಮಟ್ಟದಲ್ಲಿ ನಿಂತಿದೆ. ಹೊಸದು ತುಂಬಿಸಿದ ಮಣ್ಣಿನ ಮೇಲೆ ಇರುವುದು, ಅದರ ಅಂಗಳವೇ ಎತ್ತರ ಇರಬಹುದು. ಮಾಲೀಕರು ಹೇಳಿದ್ದು ನಿಜವೂ ಇರಬಹುದು. ಸರಿಯಾಗಿ ತಿಳಿಯಬೇಕಾದರೆ ಎರಡೂ ಅಂಗಳದ ಮಟ್ಟ ಅಳೆಯಬೇಕು. ಆದರೆ ಆ ಪೈಪು ನನಗೆ ಸಮಾಧಾನ ಕೊಡುವುದಿಲ್ಲ.

ಸುಮಾ_ಹುಬ್ಬಳ್ಳಿ · ಏಪ್ರಿಲ್ 27, ರಾತ್ರಿ 9:30

ಮಲ್ಪೆಯ ಅಣ್ಣಾರಿಗೆ ಹೇಗೆ ಧನ್ಯವಾದ ಹೇಳಲಿ. ಟೋಕನ್ ಕಳಿಸಲಿಲ್ಲ. ಮಳೆಯಲ್ಲಿ ರಾತ್ರೋರಾತ್ರಿ ಅತ್ತೆಯವರನ್ನ ಎತ್ತಿಕೊಂಡು ಮೇಲಿನ ಮನೆಗೆ ಹೋಗೋ ಸ್ಥಿತಿ ಬಂದರೆ ಅನ್ನೋ ಯೋಚನೆಗೆ ನಿದ್ದೆ ಬರಲಿಲ್ಲ. ಮಾಲೀಕರಿಗೂ ಇದ್ದದ್ದು ಇದ್ದಂತೆ ಹೇಳಿದೆ. ಪೈಪಿನ ವಿಷಯ ನಗರಸಭೆಗೆ ಹೇಳ್ತೀನಿ ಅಂದರು.

ಈಗ ಮಣಿಪಾಲದ ಕಡೆ ಇನ್ನೊಂದು ಮನೆ ನೋಡಿದ್ದೀನಿ, ಅದೂ ನೆಲಮಹಡಿ. ಈ ಸಲ ಮೊದಲು ಫೋಟೊ ಹೊಂದಿಸಿ ಜಾಗ ಹಿಡಿದೆ. 2012ರಿಂದಲೂ ಅಲ್ಲಿ ಕುರುಚಲು ಗುಡ್ಡ, ಫೆಬ್ರವರಿಯಲ್ಲಿ ಪೂರ್ತಿ ಕಂದು, ಗದ್ದೆಯ ಗುರುತಿಲ್ಲ. ಆದರೆ ಮನೆಯ ಹಿಂದೆ 60 ಮೀಟರಿನಲ್ಲಿ ದೊಡ್ಡ ಕೆಂಪು ಚೌಕ ಇದೆ, ಅಂಚು ಮೆಟ್ಟಿಲು ಮೆಟ್ಟಿಲಾಗಿದೆ, ಒಂದು ಬದಿ ಗಾಢ ನೆರಳು. ಇದೂ ತುಂಬಿಸಿದ ಮಣ್ಣಾ?

ಬೈಲಕರೆ · ಏಪ್ರಿಲ್ 28, ಬೆಳಿಗ್ಗೆ 6:15

ಅಂಚಿನ ನೆರಳು ಚೌಕದ ಒಳಗೆ ಬಿದ್ದಿದ್ದರೆ ಅದು ತುಂಬಿಸಿದ್ದಲ್ಲ, ತೋಡಿದ್ದು. ಮುರಕಲ್ಲಿನ ಕೋರೆ ಇರಬಹುದು, ಅಥವಾ ದೊಡ್ಡ ಕಟ್ಟಡಕ್ಕೆ ಗುಡ್ಡೆ ಕಡಿದದ್ದು. ಕೊನೆಯ ಮೂರು ನಾಲ್ಕು ದಿನಾಂಕಗಳನ್ನು ಒಂದರ ಮೇಲೆ ಒಂದು ಹಾಕಿ, ಚೌಕದ ಅಂಚು ಮನೆಯ ಕಡೆಗೆ ಬರ್ತಾ ಉಂಟಾ ಅಂತ Ruler ಹಿಡಿದು ಅಳೆದು ಹೇಳಿ.

ಸುಮಾ_ಹುಬ್ಬಳ್ಳಿ · ಏಪ್ರಿಲ್ 28, ಬೆಳಿಗ್ಗೆ 11:40

ಎರಡು ವರ್ಷದ ಹಿಂದಿನ ಚಿತ್ರದಲ್ಲಿ 110 ಮೀಟರ್ ಇತ್ತು. ಈಗ 60. ಇವತ್ತು ಸಂಜೆ ಆ ಮಾಲೀಕರಿಗೂ ಫೋನ್ ಮಾಡ್ತೀನಿ.